ಜರ್ಸಿ ಒಗೆಯೋದಾ, ಒಗೆದೇ ಬಿಡೋದಾ?

"ಸರ್, ನಮ್ಮದು ಬೆಟಗೇರಿ. ಮಗ ಕಬಡ್ಡಿ ಆಡ್ತಾನೆ. ಅವನ ಪಾಲಿಯೆಸ್ಟರ್ ಜರ್ಸಿ ಒಗೆದು ಒಣಗಿಸಿದಾಗ ಏನೂ ವಾಸನೆ ಇರಲ್ಲ. ಹಾಕ್ಕೊಂಡು ಹತ್ತು ನಿಮಿಷ ಓಡಿದರೆ ಸಾಕು, ಹಳೇ ಬೆವರಿನ ನಾತ ಹೊಡೀತದೆ. ಸಾಬೂನು ಹಚ್ಚಿ ಬ್ರಷ್ ಹಾಕ್ತೀನಿ, ಆಮೇಲೆ ಮಷೀನಿಗೆ ಹಾಕ್ತೀನಿ, ಕೊನೆಗೆ ಸಾಫ್ಟನರ್ ಕೂಡ. ಆಂಟಿಸೆಪ್ಟಿಕ್ ಲಿಕ್ವಿಡ್ ಹಾಕಿ ನೋಡಿದೆ, ಅದೂ ಆಗಲಿಲ್ಲ. ಕಾಟನ್ ಬನಿಯನ್‌ಗೆ ಹೀಗಾಗಲ್ಲ. ಇದನ್ನ ಒಗೀತಾನೇ ಇರಲಾ, ಒಗೆದು ಬಿಡಲಾ?"

ಅಕ್ಕಾರೆ, ಇನ್ನೂ ಎಸೆದು ಬಿಡಬೇಡಿ. ನೀವು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಒಣಗಿದಾಗ ವಾಸನೆ ಇಲ್ಲ, ಮೈ ಬಿಸಿಯಾಗಿ ಬೆವರು ತಾಗಿದ ಮೇಲೆ ಬರುತ್ತದೆ ಅಂದರೆ ಅದು ಆ ಹತ್ತು ನಿಮಿಷದಲ್ಲಿ ಹುಟ್ಟಿದ ವಾಸನೆ ಅಲ್ಲ. ಹಿಂದಿನ ವಾರದ್ದು, ಅದರ ಹಿಂದಿನ ತಿಂಗಳದ್ದು, ಬಟ್ಟೆಯೊಳಗೇ ಕೂತಿತ್ತು. ಬಿಸಿ ಮತ್ತು ತೇವ ಸಿಕ್ಕ ಕೂಡಲೇ ಎದ್ದು ಬಂತು ಅಷ್ಟೇ.

ನಿಮ್ಮ ಅಡುಗೆಮನೆಯಲ್ಲೇ ಇದರ ಸಾಕ್ಷಿ ಇದೆ. ಮಾವಿನ ಉಪ್ಪಿನಕಾಯಿ ಇಟ್ಟ ಸ್ಟೀಲ್ ಡಬ್ಬಿ ಒಂದು ಸಲ ತೊಳೆದರೆ ಮುಗೀತು. ಅದೇ ಪ್ಲಾಸ್ಟಿಕ್ ಡಬ್ಬಿ ಆದರೆ? ಎಷ್ಟು ತಿಕ್ಕಿದರೂ ಜಿಡ್ಡು ಜಿಡ್ಡು, ಮುಚ್ಚಳ ತೆಗೆದರೆ ಮತ್ತೆ ಅದೇ ವಾಸನೆ. ಪಾಲಿಯೆಸ್ಟರ್ ಅಂದರೆ ಪ್ಲಾಸ್ಟಿಕ್ಕೇ, ನೀರಿನ ಬಾಟಲಿ ಮಾಡುವ ಅದೇ ಪದಾರ್ಥವನ್ನು ಕೂದಲಿಗಿಂತ ಸಣ್ಣ ಎಳೆಯಾಗಿ ಎಳೆದದ್ದು. (1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ಇದನ್ನು ಕಂಡುಹಿಡಿದರು, ಟೆರಿಲಿನ್ ಅಂತ ಹೆಸರು ಬಂತು. ನಮ್ಮ ಅಪ್ಪಂದಿರು ಮದುವೆಗೆ ಹಾಕಿಕೊಂಡು ಮೆರೆದ ಟೆರಿಕಾಟ್ ಶರ್ಟಿನಲ್ಲಿ ಅರ್ಧ ಇದೇ.) ಈ ಎಳೆ ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ. ಹತ್ತಿ ಗಾಳಿಯಲ್ಲಿನ ತೇವವನ್ನೇ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರೋದು ಶೇಕಡಾ ಅರ್ಧಕ್ಕಿಂತ ಕಡಿಮೆ. ನೀರು ಬೇಡ, ಆದರೆ ಎಣ್ಣೆ ಅಂದರೆ ಬಹಳ ಇಷ್ಟ.

ಬೆವರಿನಲ್ಲಿ ಎಣ್ಣೆ ಎಲ್ಲಿಂದ ಬಂತು ಅಂತ ಕೇಳಬಹುದು. ಹಣೆ, ಬೆನ್ನಿನ ಬೆವರು ನೀರು ಮತ್ತು ಉಪ್ಪು, ಅದಕ್ಕೆ ವಾಸನೆಯೇ ಇಲ್ಲ. ಕಂಕುಳಿನ ಬೆವರಿನಲ್ಲಿ ಸ್ವಲ್ಪ ಕೊಬ್ಬು, ಪ್ರೋಟೀನ್ ಇರುತ್ತದೆ. ಅದರ ಜೊತೆಗೆ ಚರ್ಮದ ಜಿಡ್ಡು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಇದನ್ನೆಲ್ಲ ತಿಂದು ಹೊರಗೆ ಬಿಡುವ ಪದಾರ್ಥಗಳೇ ನಾರುವುದು. ಆ ಪದಾರ್ಥಗಳಲ್ಲಿ ಹೆಚ್ಚಿನವು ನೀರಿಗಿಂತ ಜಿಡ್ಡಿನಲ್ಲೇ ಸುಲಭವಾಗಿ ಕರಗುತ್ತವೆ. ಹಾಗಾಗಿ ಜಿಡ್ಡು ಎಲ್ಲಿ ಅಂಟಿತೋ ವಾಸನೆಯೂ ಅಲ್ಲೇ ಮನೆ ಮಾಡುತ್ತದೆ.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದ್ದು. 26 ಜನರಿಗೆ ಟಿ-ಶರ್ಟ್ ತೊಡಿಸಿ, ಒಂದು ತಾಸು ವ್ಯಾಯಾಮದ ಸೈಕಲ್ ತುಳಿಸಿದರು. ಆ ಶರ್ಟುಗಳನ್ನು 28 ತಾಸು ಕತ್ತಲಲ್ಲಿ ಇಟ್ಟು ಆಮೇಲೆ ಮೂಸಿ ನೋಡಿದರು. ಪಾಪ, ಮೂಸೋದಕ್ಕೂ ಬೇರೆ ತಂಡವೇ ಇತ್ತು. ಪಾಲಿಯೆಸ್ಟರ್ ಶರ್ಟು ಹತ್ತಿಗಿಂತ ಜಾಸ್ತಿ ಮತ್ತು ಕೆಟ್ಟದಾಗಿ ನಾರಿತು. ಮೈಕ್ರೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆದಿತ್ತು, ಹತ್ತಿಯ ಮೇಲೆ ಅಷ್ಟು ಇರಲಿಲ್ಲ. ನಿಮ್ಮ ಬನಿಯನ್ ಮತ್ತು ಜರ್ಸಿ ನಡುವಿನ ವ್ಯತ್ಯಾಸ ಇದೇ. ನಿಮ್ಮ ಕೈಗುಣದಲ್ಲಿ ದೋಷ ಏನಿಲ್ಲ.

ಆದರೆ ನೀವು ಮಾಡುತ್ತಿರುವ ಮೂರು ಕೆಲಸ ಇದನ್ನು ಜಾಸ್ತಿ ಮಾಡುತ್ತಿವೆ, ಅದನ್ನು ಹೇಳಲೇಬೇಕು.

ಮೊದಲನೆಯದು ಸಾಫ್ಟನರ್. ಅದು ಎಳೆಯ ಮೇಲೆ ಜಿಡ್ಡಿನಂಥ ಒಂದು ತೆಳು ಪದರ ಬಳಿಯುತ್ತದೆ, ಬಟ್ಟೆ ಮೆತ್ತಗಾಗೋದು ಅದರಿಂದಲೇ. ಹತ್ತಿ ಸೀರೆಗೆ ಒಳ್ಳೇದು. ಜರ್ಸಿಗೆ ಹಾಕಿದರೆ ಹಳೇ ಜಿಡ್ಡಿನ ಮೇಲೆ ಹೊಸ ಜಿಡ್ಡಿನ ಹೊದಿಕೆ ಹಾಕಿದಂತೆ. ಮುಂದಿನ ಸಲ ಡಿಟರ್ಜೆಂಟು ಒಳಗೆ ಇಳಿಯೋದೂ ಕಷ್ಟ, ಬೆವರು ಹೊರಗೆ ಹರಡಿ ಆರೋದೂ ಕಷ್ಟ. ಇವತ್ತಿನಿಂದಲೇ ನಿಲ್ಲಿಸಿ, ಇದರಲ್ಲಿ ನನ್ನದು ರಾಜಿ ಇಲ್ಲ.

ಎರಡನೆಯದು ಸಾಬೂನು ಮತ್ತು ನಿಮ್ಮ ನೀರು. ಗದಗ-ಬೆಟಗೇರಿಗೆ ತುಂಗಭದ್ರೆಯ ಹೊಳೆ ನೀರು ಬರುತ್ತದೆ, ಆದರೆ ನಲ್ಲಿ ಬಾರದ ದಿನ ಬಹಳ ಮನೆಗಳಲ್ಲಿ ಬೋರಿನ ನೀರೇ ಗತಿ, ಅಲ್ವಾ? ಆ ನೀರು ಗಡುಸು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳೀ ಪೊರೆ ಕಟ್ಟುತ್ತಿದ್ದರೆ ಅದೇ ಗುರುತು. ಗಡುಸು ನೀರಿನಲ್ಲಿ ಮಾಮೂಲಿ ಸಾಬೂನು ಕರಗುವ ಬದಲು ಸುಣ್ಣದ ಅಂಶದ ಜೊತೆ ಸೇರಿ ಮೊಸರು ಒಡೆದಂತೆ ಬಿಳೀ ಗಷ್ಟು ಆಗುತ್ತದೆ. ಆ ಗಷ್ಟು ಹೋಗಿ ಪಾಲಿಯೆಸ್ಟರಿಗೆ ಅಂಟುತ್ತದೆ. ಜೊತೆಗೆ ಬ್ರಷ್. ಬ್ರಷ್ಷಿನಿಂದ ಮೇಲಿನ ಮಣ್ಣು ಹೋಗಬಹುದು, ಜಿಡ್ಡು ಹೋಗಲ್ಲ. ಸುಮ್ನೆ ಎಳೆ ಎದ್ದು ಗುಂಜು ಕಟ್ಟುತ್ತದೆ ಅಷ್ಟೇ.

ಮೂರನೆಯದು ಆಂಟಿಸೆಪ್ಟಿಕ್. ಅದು ಆ ಹೊತ್ತಿಗೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನಿಜ. ಆದರೆ ಅವುಗಳ ಊಟ ಬಟ್ಟೆಯಲ್ಲೇ ಉಳಿಯಿತು, ಅವು ಈಗಾಗಲೇ ಬಿಟ್ಟ ನಾತವೂ ಉಳಿಯಿತು. ಮಗ ಮತ್ತೆ ಹಾಕಿಕೊಂಡಾಗ ಅವನ ಮೈಯಿಂದಲೇ ಹೊಸ ಸಂಸಾರ ಬಂದು ಕೂರುತ್ತದೆ. ನಾವು ಕೊಲ್ಲೋದಕ್ಕಿಂತ ಮೊದಲು ಜಿಡ್ಡು ತೆಗೆಯಬೇಕು.

ಕೆಲಸ ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಗೆದು ಒಣಗಿಸಿದ ಜರ್ಸಿಯನ್ನು ಒಳಮೈ ಹೊರಗೆ ಮಾಡಿ, ಕಂಕುಳಿನ ಜಾಗಕ್ಕೆ ಅರ್ಧ ಲೋಟ ಬಿಸಿನೀರು ಹಾಕಿ. ಸ್ನಾನಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇದ್ದರೆ ಸಾಕು. ತಕ್ಷಣ ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಎದ್ದು ಬಂದರೆ ಒಳಗೆ ಸರಕು ಇದೆ ಅಂತ ಅರ್ಥ. ಇನ್ನೊಂದು, ಒಣ ಬಟ್ಟೆಯ ಕಂಕುಳಿನ ಜಾಗದಲ್ಲಿ ಒಂದು ಹನಿ ನೀರು, ಕೆಳಗಿನ ಅಂಚಿನಲ್ಲಿ ಒಂದು ಹನಿ ನೀರು ಬಿಡಿ. ಅಂಚಿನ ಹನಿ ಹರಡಿ ಇಳಿದು, ಕಂಕುಳಿನದು ಕೆಸುವಿನ ಎಲೆ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಅಲ್ಲಿ ಜಿಡ್ಡಿದೆ. ಎರಡೂ ಕಡೆ ಗುಂಡಗೆ ನಿಂತರೆ ಇಡೀ ಬಟ್ಟೆಗೆ ಸಾಫ್ಟನರ್ ಕೂತಿರುವ ಸಂಭವ ಜಾಸ್ತಿ.

ನಾನು ಹುಬ್ಬಳ್ಳಿಯಲ್ಲಿ ಲಾಂಡ್ರಿ ನಡೆಸುತ್ತೇನೆ, ಅದಕ್ಕೆ ಮುಂಚೆ ಬಣ್ಣ ಹಾಕುವ ಘಟಕವೊಂದರ ಲ್ಯಾಬಿನಲ್ಲಿದ್ದೆ. ಹೋದ ವರ್ಷ ಧಾರವಾಡದ ಕಾಲೇಜು ಹುಡುಗನೊಬ್ಬ ಕಡು ನೀಲಿ ಜರ್ಸಿ ತಂದುಕೊಟ್ಟ. ಮೂರು ವರ್ಷದ್ದು, ಥೇಟ್ ನಿಮ್ಮ ಮಗನದರಂತೆಯೇ. ಅದಕ್ಕೆ ಏನು ಮಾಡಿದೆ ಅನ್ನೋದನ್ನೇ ಹೇಳುತ್ತೇನೆ, ನೀವೂ ಮನೆಯಲ್ಲಿ ಹಾಗೇ ಮಾಡಬಹುದು.

ಬೇಕಾದ ಮುಖ್ಯ ವಸ್ತು ಸೋಡಿಯಂ ಪರ್ಕಾರ್ಬೊನೇಟ್. ಬಿಳೀ ಹರಳು ಹರಳಾದ ಪುಡಿ. ಆನ್‌ಲೈನ್‌ನಲ್ಲಿ ಈ ಹೆಸರಿನಲ್ಲೇ ಸಿಗುತ್ತದೆ, ಕೆಲವು ಕಲೆ ತೆಗೆಯುವ ಪುಡಿಗಳಲ್ಲೂ ಮುಖ್ಯವಾಗಿ ಇದೇ ಇರುತ್ತದೆ, ಡಬ್ಬಿಯ ಹಿಂದೆ ಓದಿ ನೋಡಿ. ನೀರಿಗೆ ಬಿದ್ದರೆ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಜಿಡ್ಡು ಸಡಿಲ ಮಾಡುತ್ತದೆ, ಪೆರಾಕ್ಸೈಡ್ ನಾರುವ ಪದಾರ್ಥಗಳನ್ನೇ ಒಡೆದು ಹಾಕುತ್ತದೆ, ಬ್ಯಾಕ್ಟೀರಿಯಾವನ್ನೂ ಬಿಡಲ್ಲ. ಆದರೆ ತಣ್ಣೀರಿನಲ್ಲಿ ಇದು ಸೋಮಾರಿ. ಬಿಸಿ ಬೇಕು.

ಎಷ್ಟು ಬಿಸಿ? ಜರ್ಸಿಯ ಚೀಟಿಯಲ್ಲಿ ಸಾಮಾನ್ಯವಾಗಿ 30 ಅಥವಾ 40 ಡಿಗ್ರಿ ಅಂತ ಇರುತ್ತದೆ. 40 ಇದ್ದರೆ ಸುಲಭ: ಒಂದು ಲೀಟರ್ ಕುದಿಯುವ ನೀರಿಗೆ ಮೂರು ಲೀಟರ್ ತಣ್ಣೀರು ಸೇರಿಸಿ, ಹೆಚ್ಚುಕಡಿಮೆ 43-44 ಡಿಗ್ರಿ ಬರುತ್ತದೆ. ಬಕೆಟ್ಟಿಗೆ ಸುರಿಯುವಷ್ಟರಲ್ಲಿ ಇನ್ನೂ ಒಂದೆರಡು ಡಿಗ್ರಿ ಇಳಿಯುತ್ತದೆ, ನಮಗೆ ಬೇಕಾದದ್ದು ಅದೇ. ಚೀಟಿಯಲ್ಲಿ 30 ಅಂತ ಇದ್ದರೆ ಪೌಣೆ ನಾಲ್ಕು ಲೀಟರ್ ತಣ್ಣೀರಿಗೆ ಕಾಲು ಲೀಟರ್ ಕುದಿಯುವ ನೀರು ಸಾಕು, ನೆನೆಸುವ ಹೊತ್ತು ಜಾಸ್ತಿ ಮಾಡಿ. ಬಿಸಿ ಒಳ್ಳೇದು ಅಂತ ಕುದಿಯೋ ನೀರನ್ನೇ ಹಾಕಬೇಡಿ. ಬೆನ್ನಿನ ಮೇಲಿನ ಹೆಸರು, ನಂಬರು ಅಂಟಿಸಿದ್ದು ಬಿರುಕು ಬಿಡುತ್ತದೆ. ಬಟ್ಟೆ ಹಿಗ್ಗಲಿ ಅಂತ ಸೇರಿಸಿರುವ ಸ್ಪ್ಯಾಂಡೆಕ್ಸ್ ಎಳೆ ಸತ್ತು ಜರ್ಸಿ ಜೋಲುತ್ತದೆ.

ಮೊದಲು ಕಂಕುಳು ಮತ್ತು ಕುತ್ತಿಗೆಯ ಒಳಭಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಹಾಕಿ, ಬೆರಳಲ್ಲೇ ತಿಕ್ಕಿ ಹದಿನೈದು ನಿಮಿಷ ಬಿಟ್ಟೆ. ಜಿಡ್ಡು ಬಿಡಿಸುವುದೇ ಅದರ ಕೆಲಸ, ಎಣ್ಣೆ ಬಾಣಲೆಗೆ ಆಗುವುದು ಇದಕ್ಕೂ ಆಗುತ್ತದೆ. ಬಿಸಿನೀರಲ್ಲಿ ಚೆನ್ನಾಗಿ ಜಾಲಾಡಿದೆ. ಆಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ಬೆಚ್ಚಗಿನ ನೀರು, ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಪುಡಿ, ಜೊತೆಗೆ ಒಂದು ಚಮಚ ಲಿಕ್ವಿಡ್ ಡಿಟರ್ಜೆಂಟು. ಪುಡಿ ಪೂರ್ತಿ ಕರಗಿದ ಮೇಲೆಯೇ ಬಟ್ಟೆ ಮುಳುಗಿಸಬೇಕು, ಹರಳು ಬಟ್ಟೆಯ ಮೇಲೆ ಕೂತರೆ ಬಣ್ಣಕ್ಕೆ ಚುಕ್ಕೆ ಬೀಳಬಹುದು. ಕಡು ಬಣ್ಣ ಆದ್ದರಿಂದ ಒಳಗಿನ ಹೊಲಿಗೆಯ ಹತ್ತಿರ ಅದೇ ನೀರನ್ನು ಹಚ್ಚಿ ಕಾಲು ತಾಸು ಕಾದು, ಬಿಳೀ ಬಟ್ಟೆಯಿಂದ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ. ನೀವೂ ಇದನ್ನು ತಪ್ಪಿಸಬೇಡಿ.

ಎರಡು ತಾಸು ನೆನೆಯಿತು. ಅರ್ಧ ತಾಸಿಗೊಮ್ಮೆ ಕೈಯಾಡಿಸಿದೆ, ಕೈಗವಸು ಹಾಕಿಕೊಂಡು, ಇಲ್ಲದಿದ್ದರೆ ಚರ್ಮ ಒಣಗಿ ಉರಿಯುತ್ತದೆ. ನೀರು ನಿಧಾನಕ್ಕೆ ಬೂದು ಹಳದಿ ಬಣ್ಣಕ್ಕೆ ತಿರುಗಿತು, ಅದೂ ಮಷೀನಿಗೆ ಹಾಕಿ ಒಗೆದು ತಂದ ಜರ್ಸಿಯಿಂದ! ಹುಡುಗ ನೋಡಿ ನಾಚಿಕೊಂಡ. ಮೂರು ನೀರಲ್ಲಿ ಜಾಲಾಡಿ, ಒಣಗಿಸಿ, ಮತ್ತೆ ಬಿಸಿನೀರಿನ ಪರೀಕ್ಷೆ ಮಾಡಿದೆ. ವಾಸನೆ ಬಹಳ ಕಡಿಮೆ ಆಗಿತ್ತು, ಆದರೆ ಎಡ ಕಂಕುಳಲ್ಲಿ ಇನ್ನೂ ಸ್ವಲ್ಪ ಇತ್ತು. ಒಂದೇ ಸಲಕ್ಕೆ ಪುಡಿ ಜಾಸ್ತಿ ಸುರಿಯುವ ಬದಲು ಮರುದಿನ ಹೊಸ ನೀರು, ಹೊಸ ಪುಡಿ ಹಾಕಿ ಮೂರು ತಾಸು ನೆನೆಸಿದೆ. ಹಳೇ ನೀರನ್ನೇ ಮತ್ತೆ ಕಾಯಿಸಿ ಬಳಸಿದರೆ ಉಪಯೋಗ ಇಲ್ಲ, ಅದರ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಎರಡನೇ ಸಲಕ್ಕೆ ಪರೀಕ್ಷೆಯಲ್ಲಿ ಏನೂ ಬರಲಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಈ ನೀರನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ತುಂಬಿ ಇಡಬೇಡಿ, ಒಳಗೆ ಆಮ್ಲಜನಕ ಬರುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು. ಇದಕ್ಕೆ ವಿನೆಗರ್, ಬ್ಲೀಚ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಬ್ಲೀಚ್ ಅಂತೂ ಜರ್ಸಿಗೆ ಬೇಡವೇ ಬೇಡ. ಲಾಂಡ್ರಿ ಹಾಕಿದ ಹೊಸದರಲ್ಲಿ ನಾನೇ ಒಂದು ತಂಡದ ಬಿಳೀ ಶಾರ್ಟ್ಸಿಗೆ ಅದನ್ನು ಹಾಕಿ, ಸೊಂಟದ ಎಲಾಸ್ಟಿಕ್ ಎಲ್ಲಾ ಹಳದಿಯಾಗಿ ಪುಡಿಪುಡಿ ಆಗಿ, ಕೈಯಿಂದ ದುಡ್ಡು ಕಟ್ಟಿಕೊಟ್ಟಿದ್ದೇನೆ.

ಬಹಳ ಜನ ಅಡುಗೆ ಸೋಡಾ ಮತ್ತು ವಿನೆಗರ್ ಕೂಡಿಸಿ ಹಾಕಿ ಅಂತಾರೆ. ಬುರುಗು ಬರುತ್ತದೆ, ನೋಡೋಕೆ ಚೆಂದ. ಆದರೆ ಒಂದನ್ನೊಂದು ಕೊಂದುಕೊಂಡು ಉಳಿಯೋದು ಉಪ್ಪಿನಂಥ ನೀರು. ವಿನೆಗರಿಗೆ ಬೇರೆ ಜಾಗ ಇದೆ. ಕಂಕುಳಿನ ಬಟ್ಟೆ ರಟ್ಟಿನಂತೆ ಗಟ್ಟಿಯಾಗಿದ್ದರೆ ಅದು ಬರೀ ಜಿಡ್ಡಲ್ಲ, ಬೆವರು ತಡೆಯುವ ಡಿಯೋಡರಂಟಿನಲ್ಲಿರುವ ಅಲ್ಯೂಮಿನಿಯಂ ಲವಣ ಮತ್ತು ಬೋರ್ ನೀರಿನ ಸುಣ್ಣ ಸೇರಿ ಕೂತಿರೋದು. ಅದಕ್ಕೆ ಹುಳಿ ಬೇಕು. ಒಂದು ಲೀಟರ್ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡೋದು, ಅಥವಾ ಒಂದು ಲೋಟ ಬಿಳೀ ವಿನೆಗರ್. ಅರ್ಧ ತಾಸು ನೆನೆಸಿ, ಚೆನ್ನಾಗಿ ಜಾಲಾಡಿ, ಮರುದಿನ ಪುಡಿಯ ಕೆಲಸ ಮಾಡಿ. ಎರಡೂ ಬೇರೆ ಬೇರೆ ದಿನ.

ಇಷ್ಟು ಮಾಡಿದ್ದು ಒಂದು ಸಲದ ದೊಡ್ಡ ಸ್ನಾನ. ದಿನದ ಒಗೆತ ಬದಲಾಗದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ. ಮಗನಿಗೆ ಒಂದು ಕೆಲಸ ಹಚ್ಚಿ: ಆಟ ಮುಗಿಸಿ ಬಂದ ಕೂಡಲೇ ಜರ್ಸಿ ಬ್ಯಾಗಿನಿಂದ ತೆಗೆದು ನೀರಲ್ಲಿ ಅಲ್ಲಾಡಿಸಿ ಹಿಂಡಿ ಹರಡಬೇಕು. ಆಮೇಲೆ ಒಗೆದರೂ ನಡೆಯುತ್ತದೆ. ಒದ್ದೆ ಜರ್ಸಿ ರಾತ್ರಿಯಿಡೀ ಬ್ಯಾಗಿನಲ್ಲಿ ಮುದ್ದೆಯಾಗಿ ಬಿದ್ದಿದ್ದರೆ ಆ ಒಂದು ರಾತ್ರಿ ಒಂದು ವಾರದ ಬೆವರಿಗೆ ಸಮ. ಒಗೆಯುವಾಗ ಒಳಮೈ ಹೊರಗೆ ಮಾಡಿ ಹಾಕಿ, ಯಾಕಂದರೆ ಕೊಳೆ ಇರೋದು ಮೈಗೆ ತಾಗುವ ಕಡೆ. ಎಂಜೈಮ್ ಇರುವ ಡಿಟರ್ಜೆಂಟು ತೆಗೆದುಕೊಳ್ಳಿ, ಅದರಲ್ಲಿ ಲೈಪೇಸ್ ಇದ್ದರೆ ಇನ್ನೂ ಒಳ್ಳೇದು, ಅದು ಕೊಬ್ಬನ್ನು ಕತ್ತರಿಸುವ ಎಂಜೈಮ್. ಅದಕ್ಕೆ ಸಮಯ ಬೇಕು, ಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆಸಿ ಆಮೇಲೆ ಮಷೀನು ತಿರುಗಿಸಿ. ಸಾಧ್ಯವಾದರೆ ಹೊಳೆ ನೀರು ಬಂದ ದಿನವೇ ಜರ್ಸಿಯ ಸರದಿ ಇಡಿ. ಬೋರ್ ನೀರೇ ಆದರೆ ಡಿಟರ್ಜೆಂಟು ಕಾಲು ಭಾಗ ಜಾಸ್ತಿ, ಜಾಲಾಡೋದು ಒಂದು ಸಲ ಜಾಸ್ತಿ. ಡಿಟರ್ಜೆಂಟು ಉಳಿದರೆ ಅದೂ ಜಿಡ್ಡೇ. ಮಷೀನನ್ನು ಗಂಟಲವರೆಗೆ ತುಂಬಬೇಡಿ, ಜೀನ್ಸ್ ಜೊತೆಗೂ ಹಾಕಬೇಡಿ.

ಒಣಗಿಸುವ ವಿಷಯ ನಿಮಗೆ ಬೇಸಿಗೆಯಲ್ಲಿ ಚಿಂತೆಯೇ ಇಲ್ಲ, ಗದಗಿನ ಬಿಸಿಲಿಗೆ ಪಾಲಿಯೆಸ್ಟರ್ ಒಂದು ತಾಸಿನಲ್ಲಿ ಒಣಗುತ್ತದೆ. ಒಳಮೈ ಹೊರಗೇ ಇರಲಿ, ಬಣ್ಣ ಉಳಿಯುತ್ತದೆ. ಧಾರವಾಡದ ಜುಲೈ ಮಳೆಯವರ ಕಷ್ಟ ಬೇರೆ. ಅಲ್ಲಿ ಬಟ್ಟೆ ಒಗೆದ ಮೇಲೂ ಇಡೀ ದಿನ ತೇವ ಇದ್ದು ಮುಗ್ಗಲು ವಾಸನೆ ಬರುತ್ತದೆ, ಅದು ಒದ್ದೆ ಅರಿವೆಯ ವಾಸನೆ, ಬೆವರಿನದಲ್ಲ. ಮೊರಾಕ್ಸೆಲ್ಲಾ ಅನ್ನೋ ಬೇರೆಯೇ ಬ್ಯಾಕ್ಟೀರಿಯಾದ ಕೆಲಸ. ಅಂಥವರಿಗೆ ಪುಡಿಗಿಂತ ಎರಡು ಸಲ ಸ್ಪಿನ್ ಮಾಡಿ ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹಾಕೋದೇ ಮುಖ್ಯ ಔಷಧ.

ಯಾವಾಗ ಕೈ ಬಿಡಬೇಕು ಅಂತ ಕೇಳಿದ್ದೀರಿ. ಹುಳಿ ಒಂದು ಸಲ, ಪುಡಿ ಎರಡು ಸಲ ಆದ ಮೇಲೂ ಬಿಸಿನೀರಿಗೆ ಮೊದಲಿನಷ್ಟೇ ನಾತ ಬಂದರೆ, ಅಥವಾ ಕಂಕುಳಿನ ಎಳೆ ಸವೆದು ಬೆಳಕು ಕಾಣುತ್ತಿದ್ದರೆ, ಆಗ ಒಗೆದು ಬಿಡಿ. ನಮ್ಮ ಲಾಂಡ್ರಿಗೂ ಅಂಥವು ಬರುತ್ತವೆ, ತಿರುಗಿ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಮತ್ತೆ, ಜರ್ಸಿ ಸ್ವಚ್ಛ ಆದ ದಿನವೇ ಆ ಆಟದ ಬ್ಯಾಗಿನ ಒಳಗೆ ಮೂಗು ಹಾಕಿ ನೋಡಿ. ಮಂಡಿಗೆ ಹಾಕುವ ನೀ-ಕ್ಯಾಪ್ ಕೂಡ ಅಲ್ಲೇ ಬಿದ್ದಿರುತ್ತದೆ, ಅದು ಜರ್ಸಿಗಿಂತ ಹಳೇ ಪಾಪಿ. ಅದನ್ನೂ ಇದೇ ಬಕೆಟ್ಟಿಗೆ ಹಾಕಿ, ಒಳಗೆ ಫೋಮ್ ಇದ್ದರೆ ಎರಡು ದಿನ ಬಿಸಿಲು ಬೇಕಾಗುತ್ತದೆ.